ಬ್ರೋಕರ್ ಪಿಳ್ಳಪ್ಪ ಸ್ವಂತ ಮನೆ ಮಾರಿದ್ದು

ಗಂಡನ ಹೆಸರು ಹೆಂಡತಿ ಬಾಯಲ್ಲಿ ಬರಬಾರದು ಅಂತ ನಮ್ಮತ್ತೆ ಹೇಳ್ತಿದ್ರು. ಆದರೆ ಸಾರಕ್ಕಿಯಲ್ಲಿ ಅರ್ಧ ಊರು ಇವರನ್ನ ಹೆಸರು ಹಿಡಿದೇ ಕೂಗುತ್ತೆ. ನಾನೊಬ್ಬಳು ಬಾಯಿ ಕಟ್ಕೊಂಡು ಯಾವ ಪುಣ್ಯ ಸಂಪಾದಿಸ್ಲಿ? ಪಿಳ್ಳಪ್ಪ. ಬ್ರೋಕರ್ ಪಿಳ್ಳಪ್ಪ ಅಂತ ಹೇಳಿದ್ರೆ ಜೆ.ಪಿ. ನಗರದಿಂದ ಬನಶಂಕರಿವರೆಗೆ ಯಾವ ಟೀ ಅಂಗಡಿಯವನಾದ್ರೂ ದಾರಿ ತೋರಿಸ್ತಾನೆ. ನಾನು ಅವರ ಹೆಂಡತಿ ತಿಮ್ಮಕ್ಕ. ಅವರ ಕತೆ ಅವರು ಹೇಳಿದ್ರೆ ಅರ್ಧ ಸುಳ್ಳಿರುತ್ತೆ, ಅದಕ್ಕೇ ನಾನು ಹೇಳ್ತಿದ್ದೀನಿ.

ಇವರಿಗೆ ಆಫೀಸು ಅಂತ ಇಲ್ಲ. ಮಾರ್ಕೆಟ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತ್ರೆ ಅದೇ ಆಫೀಸು. ಜೇಬಲ್ಲಿ ಎರಡು ಫೋನು, ಸೊಂಟಕ್ಕೆ ಬೇರೆಯವರ ಮನೆಗಳ ಬೀಗದ ಕೈ ಗೊಂಚಲು. ಹಳೇ ಸ್ಕೂಟರ್ ಒಂದಿದೆ, ಅದನ್ನ ಸ್ಟಾರ್ಟ್ ಮಾಡೋ ಸದ್ದಿಗೆ ಬೀದಿ ನಾಯಿಗಳು ಎದ್ದು ಜಾಗ ಬಿಡ್ತವೆ. ಓದಿದ್ದು ಏಳನೇ ಕ್ಲಾಸು. ಬಾಡಿಗೆ ಮನೆ ತೋರಿಸೋದ್ರಿಂದ ಶುರು ಮಾಡಿ, ಆಮೇಲೆ ಸೈಟು, ಆಮೇಲೆ ಮನೆ ಮಾರಿಸೋದು. ಮೋಸದ ಹೆಸರು ಒಂದು ದಿನವೂ ಬರಲಿಲ್ಲ. ಜಂಬ ಅಂತೂ ಬೇಕಾದಷ್ಟು ಬಂತು.

ಮನೆ ಮಾರಿಸೋ ಕೆಲಸದಲ್ಲಿ ಕಷ್ಟ ಇರೋದು ಕೊಳ್ಳೋರ ಹತ್ತಿರ ಅಲ್ಲ, ಮಾರೋರ ಹತ್ತಿರ ಅಂತ ಇವರು ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ರು. ಕೊಳ್ಳೋರನ್ನ ಇವರ ಕಸುಬಲ್ಲಿ ಪಾರ್ಟಿ ಅಂತಾರೆ. ಪಾರ್ಟಿ ಬಂದು ನೋಡೋದು ಸೈಟು, ರಸ್ತೆ, ನೀರು. ಓನರ್ ನೋಡೋದು ತಾನು ಹಾಕಿಸಿದ ಗ್ರಾನೈಟು, ಮಗಳ ಮದುವೆಗೆ ಬಳಿಸಿದ ಬಣ್ಣ, ಅಂಗಳದ ಸೀಬೆ ಗಿಡ. ಪಕ್ಕದ ಬೀದಿಯಲ್ಲಿ ಅಂಥದ್ದೇ ಮನೆ ಎರಡು ಕೋಟಿಗೆ ಹೋಗಿರುತ್ತೆ, ಇವನು ಮೂರು ಕೇಳ್ತಾನೆ. ದುರಾಸೆ ಅಲ್ಲ, ನಿಜವಾಗ್ಲೂ ಅಷ್ಟು ಬಾಳುತ್ತೆ ಅಂತಲೇ ಅವನಿಗೆ ಕಾಣುತ್ತೆ. ಪಾರ್ಟಿಗಳು ಬರ್ತಾರೆ, ಹೋಗ್ತಾರೆ. ವರ್ಷ ಕಳೆಯುತ್ತೆ. ಆಗ ಹೊಸದಾಗಿ ಬಂದ ಪಾರ್ಟಿ, ಇಷ್ಟು ದಿನ ಮಾರಾಟ ಆಗಿಲ್ಲ ಅಂದ್ರೆ ಏನೋ ಐಬು ಇರ್ಬೇಕು ಅಂತ ಇನ್ನೂ ಕಡಿಮೆ ಕೇಳ್ತಾನೆ. ಓನರ್‌ಗೆ ಸಿಟ್ಟು ಬರುತ್ತೆ. ಮನೆ ಗೇಟಿಗೆ ನೇತುಹಾಕಿದ ಬೋರ್ಡು ಬಿಸಿಲಿಗೆ ಬಣ್ಣ ಕಳ್ಕೊಂಡು ಅಲ್ಲೇ ಇರುತ್ತೆ.

ಇದಕ್ಕೆ ಇವರ ಹತ್ತಿರ ಎರಡು ಔಷಧಿ ಇತ್ತು. ಮೊದಲನೇದು, ಓನರ್‌ನೇ ಪಾರ್ಟಿ ಮಾಡೋದು. ಜಯನಗರದ ಅನಂತರಾಮು ಅಂತ ರಿಟೈರ್ಡ್ ಬ್ಯಾಂಕ್ ಆಫೀಸರು, ಮನೆ ಮಾರಬೇಕು ಅಂತ ಎರಡು ವರ್ಷ ಒದ್ದಾಡಿ ಬಂದ ಪಾರ್ಟಿಗಳನ್ನೆಲ್ಲ ವಾಪಸ್ ಕಳಿಸಿದ್ರು. ಇವರು ಅವರ ಜೊತೆ ವಾದ ಮಾಡಲಿಲ್ಲ. ಸಾರ್, ಪಕ್ಕದ ಬ್ಲಾಕಲ್ಲಿ ಒಂದು ಮನೆ ಮಾರಾಟಕ್ಕಿದೆ, ನಿಮ್ಮಂಥ ತಿಳಿದೋರು ನೋಡಿ ಒಂದು ಮಾತು ಹೇಳಿ ಅಂತ ಕರ್ಕೊಂಡು ಹೋದ್ರು. ಆಯಪ್ಪ ಒಳಗೆ ಹೋಗಿ ಗೋಡೆ ತೇವ ಮುಟ್ಟಿ ನೋಡಿ, ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಂತ ಮೂಗು ಮುರಿದು, ಈ ಹಳೇ ಕಟ್ಟಡಕ್ಕೆ ಯಾರು ಕಾಸು ಕೊಡ್ತಾರೆ, ಸೈಟ್ ರೇಟು ಸಿಕ್ಕಿದ್ರೆ ಪುಣ್ಯ ಅಂದ್ರಂತೆ. ಆ ಮನೆಗೂ ಅವರ ಮನೆಗೂ ಅಳತೆ ಅದೇ, ವಯಸ್ಸೂ ಅದೇ, ದಿಕ್ಕೂ ಅದೇ. ವಾಪಸ್ ಬರೋ ದಾರಿಯಲ್ಲಿ ಅನಂತರಾಮು ಅವರೇ ನಕ್ಕು, ಸರಿ ಕಣ್ರೀ, ಬಂದಿರೋ ಆಫರ್‌ಗೆ ಒಪ್ಕೋತೀನಿ ಅಂದ್ರು. ಈಗಲೂ ಯುಗಾದಿಗೆ ಒಬ್ಬಟ್ಟು ಕಳಿಸ್ತಾರೆ.

ಎರಡನೇ ಔಷಧಿ ಹಾಲು. ಮನೆ ಮಾರಿ ಬೇರೆ ಮನೆ ತಗೊಳ್ಳೋರು ಇರ್ತಾರಲ್ಲ, ಅವರಿಗೆ ಹೊಸ ಮನೆಗೆ ಮೊದಲು ಅಡ್ವಾನ್ಸ್ ಕೊಡಿಸಿ, ಆ ಓನರ್ ಕಾಲು ಹಿಡಿದಾದ್ರೂ ಒಪ್ಪಿಸಿ, ಅಲ್ಲಿ ಹಾಲು ಉಕ್ಕಿಸಿಬಿಡೋದು. ಹಾಲು ಉಕ್ಕಿದ ಮೇಲೆ ಪಾತ್ರೇನ ಅಲ್ಲೇ ಬಿಟ್ಟು ಬನ್ನಿ ಅಂತಾರೆ. ಅಷ್ಟೇ. ವಾರ ಕಳೆಯೋದ್ರೊಳಗೆ ಅವರ ಮಾತು ಬದಲಾಗಿರುತ್ತೆ. ಹಳೇ ಮನೆ ‘ಆ ಮನೆ’ ಆಗುತ್ತೆ, ಹೊಸ ಮನೆ ‘ನಮ್ಮನೆ’ ಆಗುತ್ತೆ. ಆಮೇಲೆ ಹಳೇದನ್ನ ಬಿಡೋಕೆ ಅಷ್ಟು ಸಂಕಟ ಇರಲ್ಲ, ಹೊಸದು ಎಲ್ಲಿ ಕೈ ತಪ್ಪುತ್ತೋ ಅನ್ನೋ ಭಯವೇ ಜಾಸ್ತಿ. ಬನಶಂಕರಿಯ ಸಂಘಮಿತ್ರಾ ಮೇಡಂಗೆ ಹೀಗೇ ಮಾಡಿದ್ರು. ಅವರ ಮನೆಯಲ್ಲಿ ಹಾಲು ಉಕ್ಕಿಸೋ ಪದ್ಧತಿ ಇಲ್ಲ, ಬಿಳೇಕಹಳ್ಳಿಯ ಹೊಸ ಫ್ಲಾಟಲ್ಲಿ ಬುದ್ಧನ ಫೋಟೋ ಇಟ್ಟು ದೀಪ ಹಚ್ಚಿ ಪಾಯಸ ಮಾಡಿದ್ರು. ಕೆಲಸ ಅದೇ ಆಯ್ತು.

ಈ ಸಂಘಮಿತ್ರಾ ಮೇಡಂ ಕಾಲೇಜಲ್ಲಿ ಎಕನಾಮಿಕ್ಸ್ ಪಾಠ ಮಾಡ್ತಾರೆ. ನಗ್ತಾ ಅವರೇ ಹೇಳಿದ್ದು, ಇದನ್ನ ಮಕ್ಕಳಿಗೆ ಪ್ರತಿ ವರ್ಷ ಕಲಿಸ್ತೀನಿ, ನನ್ನ ಫ್ಲಾಟ್ ಬಂದಾಗ ಎಲ್ಲ ಮರೆತೆ ಅಂತ. ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಒಂದೊಂದು ಕಾಫಿ ಮಗ್ ಕೊಡ್ತಾರಂತೆ. ಸಿಕ್ಕಿದೋರನ್ನ ಎಷ್ಟಕ್ಕೆ ಮಾರ್ತೀರಾ ಅಂತ ಕೇಳೋದು, ಸಿಗದೋರನ್ನ ಎಷ್ಟಕ್ಕೆ ತಗೋತೀರಾ ಅಂತ ಕೇಳೋದು. ಮಾರೋರು ಹೇಳೋ ಬೆಲೆ ಕೊಳ್ಳೋರು ಹೇಳೋದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಂತೆ. ಐದು ನಿಮಿಷದ ಹಿಂದೆ ಕೈಗೆ ಬಂದ ಮಗ್ಗು, ಅದರ ಜೊತೆ ಯಾವ ನೆನಪೂ ಇಲ್ಲ, ಆದ್ರೂ ಹಾಗೆ. ಇಲ್ಲದೋರಿಗೆ ಅದು ಬರೋ ವಸ್ತು, ಇರೋರಿಗೆ ಅದು ಹೋಗೋ ವಸ್ತು, ಹೋಗೋದ್ರ ನೋವು ಬರೋದ್ರ ಖುಷಿಗಿಂತ ದೊಡ್ಡದು, ಅದಕ್ಕೇ ಹೀಗೆ ಅಂದ್ರು ಮೇಡಂ. ನಮ್ಮನೆಯವರು ಅದನ್ನ ಕೇಳಿ ದೊಡ್ಡ ಪಂಡಿತರ ಹಾಗೆ ತಲೆ ಅಲ್ಲಾಡಿಸಿದ್ರು. ಓನರ್‌ಗಳ ಹಣೆಬರಹವೇ ಅಷ್ಟು ಮೇಡಂ ಅಂತ ಬೇರೆ ಹೇಳಿದ್ರು.

ಈಗ ನಮ್ಮ ಮನೆಗೆ ಬರ್ತೀನಿ. ಸಾರಕ್ಕಿಯ ಹಳೇ ಊರೊಳಗೆ, ಆಟೋ ಒಂದು ಬಂದ್ರೆ ಎದುರಿಗೆ ಬೈಕು ಬರೋಕಾಗಲ್ಲ ಅಂಥ ಬೀದಿಯಲ್ಲಿ, ಇಪ್ಪತ್ತಡಿಗೆ ಮೂವತ್ತಡಿ ಸೈಟು. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾವು. ಗಿರಣಿ ನಡೆಸೋನು ನರೇಂದ್ರ, ಬಹಳ ವರ್ಷದಿಂದ ಬಾಡಿಗೆಗಿದ್ದ ಒಳ್ಳೇ ಹುಡುಗ. ಆದರೆ ಅವನ ಮಿಷನ್ ಶುರುವಾದ್ರೆ ನಮ್ಮ ಮನೆ ಪಾತ್ರೆಗಳೆಲ್ಲ ತಮ್ಮ ಪಾಡಿಗೆ ತಾವು ಮಾತಾಡ್ಕೊಳ್ಳೋಕೆ ಶುರು ಮಾಡ್ತಿದ್ವು. ದೇವರ ಫೋಟೋ ಮೇಲೂ ರಾಗಿ ಹಿಟ್ಟಿನ ಧೂಳು. ಮೇಲೆ ಹತ್ತೋಕೆ ಹೊರಗಡೆಯಿಂದ ಕಡಿದಾದ ಮೆಟ್ಟಿಲು. ಆ ಮೆಟ್ಟಿಲು ಕಟ್ಟೋವಾಗ ಜಾಗ ಉಳಿಸಬೇಕು ಅಂತ ಎತ್ತರೆತ್ತರ ಮಾಡಿಸಿದ್ದು ನಮ್ಮನೆಯವರೇ. ಆಗ ನಾನೂ ಓಡ್ಕೊಂಡು ಹತ್ತುತ್ತಿದ್ದೆ, ಯಾರಿಗೂ ಏನೂ ಅನ್ನಿಸಲಿಲ್ಲ.

ಈಗ ನನ್ನ ಮಂಡಿ ಹೋಗಿದೆ. ಎರಡೂ ಮಂಡಿ. ಡಾಕ್ಟ್ರು ಎಕ್ಸ್‌ರೇ ಫಿಲಂ ಬೆಳಕಿಗೆ ಹಿಡಿದು ನೋಡಿ, ಅಮ್ಮ, ಮೆಟ್ಟಿಲು ಹತ್ತಿ ಇಳಿಯೋದು ಬಿಡಿ, ಕೆಳಗಡೆ ಮನೆ ನೋಡ್ಕೊಳ್ಳಿ, ಸಮತಟ್ಟು ಜಾಗದಲ್ಲಿ ದಿನಾ ನಡೀರಿ ಅಂದ್ರು. ಹೇಳೋದು ಸುಲಭ. ಕೆಳಗೆ ಗಿರಣಿ, ಗಾಳಿ ಬೆಳಕು ಇಲ್ಲ, ಬಚ್ಚಲಿಲ್ಲ, ಅದನ್ನ ಮನೆ ಮಾಡೋಕಾಗಲ್ಲ. ಹಂಗಾಗಿ ನಾನು ಮೇಲೇ ಉಳ್ಕೊಂಡೆ. ಮದುವೆ ಮುಂಜಿಗೆ ಹೋಗೋದು ನಿಂತುಹೋಯ್ತು. ಮಾರ್ಕೆಟ್‌ಗೆ ಹೋಗೋದು ನಿಂತುಹೋಯ್ತು. ಸೊಪ್ಪಿನ ಗಾಡಿ ಬಂದ್ರೆ ಬುಟ್ಟಿಗೆ ಹಗ್ಗ ಕಟ್ಟಿ ಕೆಳಗೆ ಬಿಡೋದು, ಅವನು ಹಾಕಿದ್ದನ್ನ ಮೇಲೆ ಎಳ್ಕೊಳ್ಳೋದು. ಆ ಪಾಪಿ ಮೇಲೆ ಎಳೇ ಸೊಪ್ಪು ಇಟ್ಟು ಅಡೀಲಿ ಬಾಡಿದ್ದು ತುಂಬ್ತಿದ್ದ. ಹುಟ್ಟಿದಾಗಿನಿಂದ ಸೊಪ್ಪು ಮುಟ್ಟಿ ನೋಡಿ ಆರಿಸಿದ ಕೈ ಇದು. ಹಗ್ಗ ಹಿಡ್ಕೊಂಡು ನಿಂತಾಗ ಎಷ್ಟೋ ಸಲ ಅಳು ಬಂದಿದೆ, ಸುಳ್ಳು ಹೇಳಲ್ಲ.

ಇವರ ಗೆಳೆಯ ತಿರುಮಲೇಶ ಅಂತ ಇನ್ನೊಬ್ಬ ಬ್ರೋಕರು, ಬನ್ನೇರುಘಟ್ಟ ರಸ್ತೆ ಕಡೆ ನೋಡ್ಕೊಳ್ಳೋನು. ಅವನು ಹುಳಿಮಾವಿನಲ್ಲಿ ಒಂದು ಮನೆ ತೋರಿಸಿದ. ಚಿಕ್ಕದು, ನೆಲದ ಮೇಲಿರೋದು, ಮುಂದೆ ಒಂದು ಜಗಲಿ, ಗೇಟಿನ ಪಕ್ಕ ಹಿಡಿಯಷ್ಟು ಮಣ್ಣು. ಕೆರೆ ಕಡೆ ನಡ್ಕೊಂಡು ಹೋಗಬಹುದು. ನನ್ನನ್ನ ಕುರ್ಚಿ ಮೇಲೆ ಕೂರಿಸಿ ಇಬ್ಬರು ಹಿಡ್ಕೊಂಡು ಮೆಟ್ಟಿಲು ಇಳಿಸಿ ಅಲ್ಲಿಗೆ ಕರ್ಕೊಂಡು ಹೋಗಿದ್ರು. ಆಟೋದಿಂದ ಇಳಿದೆ, ಗೇಟು ತೆಗೆದೆ, ಒಳಗೆ ಹೋದೆ. ಯಾರ ಕೈಯೂ ಹಿಡಿಯದೆ. ಬೆಲೆ ಎಂಬತ್ತೆರಡು ಲಕ್ಷ. ನಮ್ಮದು ಮಾರಿದ್ರೆ ಅದನ್ನ ತಗೊಂಡು, ರಿಜಿಸ್ಟ್ರೇಷನ್ ಖರ್ಚು ಕಳೆದು, ಸ್ವಲ್ಪ ಉಳಿಯುತ್ತೆ. ನಮ್ಮದು ಮಾರದಿದ್ರೆ ಅದು ಆಗೋ ಮಾತೇ ಇಲ್ಲ.

ಸರಿ, ಮಾರೋಣ ಅಂತ ಇವರೇ ಹೇಳಿದ್ರು. ಯುಗಾದಿ ಆದ ಮೇಲೆ ಪ್ರಮೋದ್ ಅಂತ ಒಬ್ಬ ಪಾರ್ಟಿ ಬಂದ, ಹೆಂಡತಿ ಜೊತೆ. ಮಾತಲ್ಲಿ ಮರ್ಯಾದೆ ಇತ್ತು. ಎಲ್ಲ ನೋಡಿದ್ರು. ಕಟ್ಟಡ ಕೆಡವಿ ಹೊಸದಾಗಿ ಕಟ್ಟಬೇಕು ಅಂಕಲ್, ಹಾಗಾಗಿ ಸೈಟಿಗೆ ಮಾತ್ರ ಲೆಕ್ಕ ಹಾಕ್ತೀವಿ, ತೊಂಬತ್ತೈದು ಕೊಡ್ತೀವಿ, ನರೇಂದ್ರ ಜಾಗ ಹುಡುಕ್ಕೊಳ್ಳೋವರೆಗೂ ಕಾಯ್ತೀವಿ ಅಂದ. ನನ್ನ ಎದೆಯೊಳಗೆ ಆಗಲೇ ಹುಳಿಮಾವಿನ ಗೇಟು ತೆಗೆದಂಗಾಯ್ತು. ಇವರು ಬಾಗಿಲ ಚೌಕಟ್ಟಿಗೆ ಕೈ ಇಟ್ಟು ನಿಂತಿದ್ರು. ಒಂದೂಕಾಲು ಕೋಟಿಗೆ ಒಂದು ರೂಪಾಯಿ ಕಡಿಮೆ ಇಲ್ಲ ಅಂದುಬಿಟ್ರು.

ಆ ಹುಡುಗ ಹೋದ ಮೇಲೆ ನಾನು ಕೇಳಿದೆ, ಎಲ್ಲಿಂದ ಬಂತು ಈ ಒಂದೂಕಾಲು ಅಂತ. ಇವರ ಹತ್ತಿರ ಕಾರಣಕ್ಕೆ ಬರವಾ? ತೇಗದ ಬಾಗಿಲು, ಹಳೇ ಕಾಲದ ಕಬ್ಬಿಣ, ನೀರಿನ ಸಂಪು ಎಷ್ಟು ಆಳ ಗೊತ್ತಾ, ಮೆಟ್ರೋ ಸ್ಟೇಷನ್ ಎಷ್ಟು ಹತ್ತಿರ, ಮೇನ್ ರೋಡಲ್ಲಿ ಮೊನ್ನೆ ಒಂದು ಸೈಟು ಎಷ್ಟಕ್ಕೆ ಹೋಯ್ತು ಗೊತ್ತಾ ಅಂತೆಲ್ಲ. ಮೇನ್ ರೋಡಿನ ರೇಟು ಹಿಡ್ಕೊಂಡು ಒಳಬೀದಿ ಓನರು ಕೂತ್ರೆ ಇವರೇ ನಗ್ತಿದ್ರು. ಕೆಡವೋ ಮನೆಗೆ ತೇಗದ ಬಾಗಿಲಾದ್ರೇನು ಬೇವಿನ ಬಾಗಿಲಾದ್ರೇನು ಅಂತ ನೂರು ಮನೆಯಲ್ಲಿ ಹೇಳಿರೋ ಬಾಯಿ. ಸೊಂಟದಲ್ಲಿ ಊರೋರ ಮನೆ ಬೀಗದ ಕೈ ಸದಾ ಜಣಜಣ ಅಂತಿರುತ್ತೆ, ಅದರಲ್ಲಿ ಯಾವುದು ಹೋದ್ರೂ ಇವರಿಗೆ ನೋವಿಲ್ಲ. ಅವೆಲ್ಲ ಅಂಗಡಿ ಮಾಲು, ಬರೋದೇ ಹೋಗೋದಕ್ಕೆ. ಇದೊಂದು ಮಾತ್ರ ಮಾಲಲ್ಲ.

ಎರಡು ಮೂರು ಪಾರ್ಟಿ ಬಂದ್ರು. ತೊಂಬತ್ತು, ತೊಂಬತ್ಮೂರು. ಇವರು ಎಲ್ಲರನ್ನೂ ಮೆಟ್ಟಿಲು ಇಳಿಸಿದ್ರು. ನಾನು ಮೇಲೇ ಇದ್ದೆ. ಆಮೇಲೆ ಪಾರ್ಟಿ ಬರೋದೂ ಕಡಿಮೆಯಾಯ್ತು, ಸಾರಕ್ಕಿಯ ಬೇರೆ ಬ್ರೋಕರ್‌ಗಳು ನಮ್ಮನೆ ವಿಷಯ ಬಂದ್ರೆ ಕೈ ಆಡಿಸಿ ಮುಂದೆ ಹೋಗ್ತಿದ್ರಂತೆ. ವಿಲ್ಸನ್ ಗಾರ್ಡನ್‌ನಲ್ಲಿರೋ ಮಗಳು ರೇಖಾ ಬಂದು ಅಪ್ಪನ ಹತ್ತಿರ ಮಾತಾಡಿದ್ಲು. ನಿಂಗೆ ಮಾರ್ಕೆಟ್ ಗೊತ್ತಿಲ್ಲಮ್ಮ ಅಂತ ಅವಳನ್ನೂ ಕಳಿಸಿದ್ರು. ಅವತ್ತು ರಾತ್ರಿ ನನಗೆ ಎಣ್ಣೆ ಕಾಯಿಸಿ ಮಂಡಿಗೆ ನೀವಿದ್ದೂ ಇವರೇ. ಪ್ರೀತಿ ಇಲ್ಲ ಅಂತ ಯಾರು ಹೇಳ್ತಾರೆ? ಎಣ್ಣೆ ಹಚ್ಚೋಕೆ ಕೈ ಇದೆ, ಮನೆ ಬಿಡೋಕೆ ಮನಸ್ಸಿಲ್ಲ. ನನಗೆ ಆ ಕೈಯನ್ನ ಒದೀಬೇಕು ಅನ್ನಿಸ್ತು, ಆದರೆ ಕಾಲು ಎತ್ತೋಕಾದ್ರೆ ತಾನೇ.

ಆಗ ನಾನು ತಿರುಮಲೇಶಂಗೆ ಫೋನ್ ಮಾಡಿ ಒಂದು ಮಸಲತ್ತು ಹೇಳಿಕೊಟ್ಟೆ. ಬ್ರೋಕರ್‌ಗಳಲ್ಲಿ ಒಂದು ಅಭ್ಯಾಸ ಇದೆ. ತನಗೆ ಗೊತ್ತಿಲ್ಲದ ಏರಿಯಾದ ಮನೆ ಕೈಗೆ ಬಂದ್ರೆ, ಆ ಏರಿಯಾದೋನಿಗೆ ಫೋನ್ ಮಾಡಿ, ಇಷ್ಟಳತೆ, ಇಂಥ ರಸ್ತೆ, ಎಷ್ಟಕ್ಕೆ ಹೋಗುತ್ತೆ ಗುರು ಅಂತ ಕೇಳ್ತಾರೆ. ಅದಕ್ಕೆ ಮಾತ್ರ ಯಾರೂ ಸುಳ್ಳು ಹೇಳಲ್ಲ, ಹೇಳಿದ್ರೆ ನಾಳೆ ತನಗೂ ಸುಳ್ಳೇ ಸಿಗುತ್ತೆ. ಮಧ್ಯಾಹ್ನ ಇವರು ಮುದ್ದೆ ಮುರೀತಾ ಕೂತಿದ್ದಾಗ ಸರಿಯಾಗಿ ತಿರುಮಲೇಶನ ಫೋನ್ ಬಂತು. ಕೈಯೆಲ್ಲ ಸಾರು. ಸ್ಪೀಕರ್ ಹಾಕೇ ಅಂದ್ರು. ಹಾಕಿದೆ. ಪುಟ್ಟೇನಹಳ್ಳಿ ಕಡೆ ಒಂದು ಮನೆ ಬಂದಿದೆ ಅಂತ ಶುರು ಮಾಡಿ ಅವನು ನಮ್ಮನೇನೇ ಹೇಳ್ತಾ ಹೋದ. ಇಪ್ಪತ್ತು ಮೂವತ್ತು, ಕಿರುಬೀದಿ, ಕೆಳಗೆ ಕಮರ್ಷಿಯಲ್ಲು, ಮೇಲೆ ಮನೆ, ಕಟ್ಟಡ ಹಳೇದು, ಮೆಟ್ಟಿಲು ಹೊರಗೆ.

ಇವರು ಮುದ್ದೆ ನುಂಗಿದ್ರು, ಯೋಚನೆ ಕೂಡ ಮಾಡಲಿಲ್ಲ. "ತೊಂಬತ್ತು. ಗಿರಾಕಿ ಚೆನ್ನಾಗಿದ್ರೆ ತೊಂಬತ್ತೆರಡು. ಅದರ ಮೇಲೆ ಓನರ್ ಆಸೆ ಪಟ್ರೆ ಒಂದೆರಡು ವರ್ಷ ಬೋರ್ಡ್ ನೇತಾಡ್ತಿರುತ್ತೆ, ನೀನು ಟೈಮ್ ವೇಸ್ಟ್ ಮಾಡ್ಕೋಬೇಡ."

ಫೋನ್ ಇಟ್ಟೆ. ಇನ್ನೊಂದು ಸೌಟು ಸಾರು ಬಡಿಸಿದೆ. "ಅವನು ಹೇಳಿದ್ದು ನಮ್ಮನೆ ಕಣ್ರೀ" ಅಂದೆ.

ತುತ್ತು ಕೈಯಲ್ಲೇ ನಿಂತಿತು. ಈಗ ಮನುಷ್ಯ ದಾರಿಗೆ ಬಂದ ಅಂತ ನಾನು ಅಂದ್ಕೊಂಡೆ. ಎಲ್ಲಿ ಬಂದ? ಆ ತಿರುಮಲೇಶಂಗೆ ಪ್ರಾಪರ್ಟಿ ವಿವರ ಹೇಳೋಕೇ ಬರಲ್ಲ, ಬಾಗಿಲು ತೇಗ ಅಂತ ಹೇಳಲೇ ಇಲ್ವಲ್ಲ ಅಂದ್ರು. ನಾನು ತಲೆ ಚಚ್ಚಿಕೊಂಡೆ. ಅನಂತರಾಮು ಅವರಿಗೆ ಹತ್ತಿದ ಔಷಧಿ ಅದನ್ನ ಅರೆದೋನಿಗೇ ಹತ್ತಲಿಲ್ಲ. ಸಂಘಮಿತ್ರಾ ಮೇಡಂಗೆ ಫೋನ್ ಮಾಡಿ ಗೋಳು ಹೇಳ್ಕೊಂಡೆ. ಗೊತ್ತಿರೋದ್ರಿಂದ ಇದು ಹೋಗಲ್ಲ ತಿಮ್ಮಕ್ಕ, ನನಗೂ ಹೋಗಲಿಲ್ವಲ್ಲ, ನನಗೆ ಏನು ಮಾಡಿದ್ರೋ ಅದನ್ನೇ ಅವರಿಗೂ ಮಾಡಿ ಅಂದ್ರು. ನನ್ನ ಪೆದ್ದು ತಲೆಗೆ ಆವಾಗ ಹೊಳೀತು.

ನನ್ನ ಚೀಟಿ ದುಡ್ಡಿತ್ತು. ಹುಳಿಮಾವಿನ ಮನೆಗೆ ಟೋಕನ್ ಅಂತ ಕೊಡೋಣ, ಬೇಡವಾದ್ರೆ ವಾಪಸ್ ಕೊಡ್ತಾರಂತೆ, ಸುಮ್ಮನೆ ಹಿಡಿದಿಟ್ಟಂಗೆ ಆಗುತ್ತೆ ಅಂದೆ. ನಿನ್ನ ದುಡ್ಡು ನಿನ್ನಿಷ್ಟ ಅಂದ್ರು. ಮನೆ ಓನರು ಮೈಸೂರಲ್ಲಿರೋರು, ಬೀಗದ ಕೈ ತಿರುಮಲೇಶನ ಹತ್ತಿರ. ದಸರಾವರೆಗೂ ಕಾಯ್ತೀವಿ ಅಂತ ಒಪ್ಪಿದ್ರು. ಶ್ರಾವಣದಲ್ಲಿ ಒಂದು ಒಳ್ಳೇ ದಿನ ನೋಡಿ, ಅಲ್ಲಿ ಹಾಲು ಉಕ್ಕಿಸೋಕೆ ಅವರನ್ನೇ ಕೇಳಿ ಒಪ್ಪಿಸಿದ್ದಾಯ್ತು. ಇದನ್ನ ಇವರಿಗೆ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕರು.

"ತಿಮ್ಮಿ, ನನ್ನ ಮದ್ದನ್ನ ನನಗೇ ಹಾಕ್ತಿದ್ದೀಯಲ್ಲೇ. ಹಾಕು. ನನಗೆ ಇದೆಲ್ಲ ಹತ್ತಲ್ಲ."

ಆ ದಿನ ಹುಳಿಮಾವಿಗೆ ಹೋದ್ವಿ. ಹಾಲು ಉಕ್ಕಿತು. ಪೂರ್ವಕ್ಕೆ ಉಕ್ಕಿತು. ಪಾತ್ರೇನ ಅಲ್ಲೇ ಒಲೆ ಕಟ್ಟೆ ಮೇಲೆ ಬಿಟ್ಟೆ. ಬಾಗಿಲು ಹಾಕ್ಕೊಂಡು ಬರೋವಾಗ ಇವರು ಚಿಲಕ ಎಳೆದು ನೋಡಿ, ಇದು ಸರಿಯಾಗಿ ಕೂರ್ತಿಲ್ಲ ಅಂದ್ರು. ಅಷ್ಟೇ ಹೇಳಿದ್ದು.

ಎರಡು ದಿನ ಬಿಟ್ಟು ಸ್ಕ್ರೂಡ್ರೈವರ್ ಹಿಡ್ಕೊಂಡು ಹೊರಟ್ರು. ಎಲ್ಲಿಗೆ ಅಂದ್ರೆ, ಆ ಚಿಲಕ ಹಾಗೇ ಬಿಟ್ರೆ ಯಾವನಾದ್ರೂ ನುಗ್ತಾನೆ, ತಿರುಮಲೇಶಂಗೆ ಕೆಟ್ಟ ಹೆಸರು ಅಂದ್ರು. ತಿರುಮಲೇಶನ ಹೆಸರಿನ ಮೇಲೆ ಯಾವತ್ತಿಂದ ಇಷ್ಟು ಕಾಳಜಿ! ಆಮೇಲೆ ನಲ್ಲಿ ತೊಟ್ಟಿಕ್ತಿದೆ ಅಂತ ವಾಷರ್ ತಗೊಂಡು ಹೋದ್ರು. ಆಮೇಲೆ ಗೇಟಿನ ಪಕ್ಕದ ಮಣ್ಣು ಸುಮ್ಮನೆ ಬಿದ್ದಿದೆ ಅಂತ ಒಂದು ಕರಿಬೇವಿನ ಸಸಿ ನೆಟ್ಟು ಬಂದ್ರು. ಸಸಿ ನೆಟ್ಟ ಮೇಲೆ ನೀರು ಹಾಕಬೇಕಲ್ಲ. ದಿನ ಬಿಟ್ಟು ದಿನ ಆ ಸ್ಕೂಟರು ಸಾರಕ್ಕಿಯಿಂದ ಹುಳಿಮಾವಿಗೆ ಹೊಗೆ ಬಿಟ್ಕೊಂಡು ಹೋಗ್ತಿತ್ತು. ಒಂದು ಸಲ ನನ್ನನ್ನೂ ಕುರ್ಚಿ ಮೇಲೆ ಇಳಿಸಿ ಕರ್ಕೊಂಡು ಹೋದ್ರು, ಜಗಲಿ ಮೇಲೆ ಬಿಸಿಲು ಬೆಳಿಗ್ಗೆ ಎಲ್ಲಿಗೆ ಬರುತ್ತೆ ತೋರಿಸ್ತೀನಿ ಅಂತ. ನಾನು ಬಾಯಿ ಬಿಡಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ದಿನ ಬಾಯಿ ಮುಚ್ಕೊಂಡು ಇದ್ದದ್ದು ಅದೇ ಮೊದಲು.

ಆದರೂ ನಮ್ಮ ಮನೆ ಬೆಲೆ ಒಂದೂಕಾಲು ಕೋಟಿಯಲ್ಲೇ ನಿಂತಿತ್ತು. ದಸರಾ ಬಂತು, ಬನ್ನಿ ಹಂಚಿದ್ದಾಯ್ತು, ದಸರಾ ಹೋಯ್ತು. ಮೈಸೂರಿನ ಓನರು ಇನ್ನು ಕಾಯೋಕಾಗಲ್ಲ, ಟೋಕನ್ ವಾಪಸ್ ತಗೊಳ್ಳಿ ಅಂದ್ರು. ನಾನು ತಿರುಮಲೇಶಂಗೆ, ಆಯ್ತಪ್ಪ, ಬೇರೆ ಪಾರ್ಟಿ ನೋಡು ಅಂದೆ. ಇದು ಮಸಲತ್ತಲ್ಲ. ನಿಜವಾಗ್ಲೂ ಆಸೆ ಬಿಟ್ಟಿದ್ದೆ. ಅವತ್ತು ಮಧ್ಯಾಹ್ನ ಮಲ್ಕೊಂಡು ಗೋಡೆ ಕಡೆ ಮುಖ ಮಾಡಿ ಅತ್ತೆ. ಕೆಳಗೆ ಗಿರಣಿ ಓಡ್ತಿತ್ತು, ಯಾರಿಗೂ ಕೇಳಲಿಲ್ಲ.

ಮಾರನೇ ದಿನ ಇವರು ಗಿಡಕ್ಕೆ ನೀರು ಹಾಕೋಕೆ ಹೋದಾಗ, ಹುಳಿಮಾವಿನ ಮನೆ ಬಾಗಿಲು ತೆರೆದಿತ್ತಂತೆ. ತಿರುಮಲೇಶ ಪಾರ್ಟಿ ಕರ್ಕೊಂಡು ಬಂದಿದ್ದ. ಗಂಡ ಹೆಂಡತಿ, ಜೊತೆಗೊಬ್ಬ ಮೇಸ್ತ್ರಿ. ಆ ಹೆಣ್ಣುಮಗಳು ಅಡುಗೆಮನೆಯಲ್ಲಿ ನಮ್ಮ ಹಾಲಿನ ಪಾತ್ರೆ ಪಕ್ಕಕ್ಕೆ ಸರಿಸಿ ಕಟ್ಟೆ ಅಳತೆ ಹಿಡೀತಿದ್ಲು. ಮೇಸ್ತ್ರಿ ಜಗಲಿ ಒಡೆದು ಕಾರಿಗೆ ಜಾಗ ಮಾಡಬಹುದು, ಈ ಕರಿಬೇವು ಕಿತ್ತು ಹಾಕೋಣ ಅಂತಿದ್ದ. ಆಮೇಲೆ ನಡೆದಿದ್ದು ತಿರುಮಲೇಶ ನನಗೆ ಹೇಳಿದ್ದು. ಇವರು ಕೊಡ ಕೆಳಗಿಟ್ಟು ಗೇಟಿಗೆ ಅಡ್ಡ ನಿಂತ್ರಂತೆ.

"ಯಾರ್ರೀ ನೀವು? ಇದು ನಮ್ಮನೆ."

ಅಷ್ಟು ಹೇಳಿ ತಾವೇ ಬೆಚ್ಚಿಬಿದ್ರಂತೆ. ತಿರುಮಲೇಶ ಮುಖ ಆ ಕಡೆ ತಿರುಗಿಸಿಕೊಂಡನಂತೆ. ಪಾಪ ಆ ಪಾರ್ಟಿಗೆ ತಲೆಬುಡ ಗೊತ್ತಾಗಲಿಲ್ಲ. ಇವರು ಒಳಗೆ ಹೋಗಿ ಪಾತ್ರೇನ ಮೊದಲಿದ್ದ ಕಡೆ ಇಟ್ಟು, ಹೊರಗೆ ಬಂದು, ಸಾಯಂಕಾಲದವರೆಗೆ ಟೈಮ್ ಕೊಡು ತಿರುಮಲೇಶ ಅಂತ ಕೇಳಿದ್ರಂತೆ.

ಮನೆಗೆ ಬಂದು ಸೀದಾ ಪ್ರಮೋದ್‌ಗೆ ಫೋನ್ ಮಾಡಿದ್ರು. ಆ ಹುಡುಗ ಇನ್ನೂ ಜಾಗ ಹುಡುಕ್ತಿದ್ದ. ಆದರೆ ಮನೆ ಇಷ್ಟು ದಿನ ಹಾಗೇ ಬಿದ್ದಿದೆ ಅಂತ ಅವನಿಗೂ ಗೊತ್ತಿತ್ತು. ತೊಂಬತ್ಮೂರು ಅಂಕಲ್ ಅಂದ. ಇವರು ಕಣ್ಣು ಮುಚ್ಚಿಕೊಂಡು ಆಯ್ತಪ್ಪ ಅಂದ್ರು. ಎರಡು ಲಕ್ಷ ಹೋಯ್ತು. ನಾನು ಅದಕ್ಕೆ ಒಂದು ಮಾತೂ ಆಡಲಿಲ್ಲ, ಆಮೇಲೆ ಆಡೋಕೆ ಇಟ್ಕೊಂಡೆ. ಫೋನ್ ಇಟ್ಟು ಬಂದು ನನ್ನ ಕಾಲ ಹತ್ತಿರ ಕೂತ್ರು. ಎಣ್ಣೆ ಬಟ್ಟಲು ತಗೊಂಡ್ರು.

"ಆ ಮನೆ ಹೋಗಿಬಿಡುತ್ತೇನೋ ಅಂತ ಭಯ ಆಯ್ತು ಕಣೇ" ಅಂದ್ರು. "ನಿನ್ನ ನೋವು ಇಷ್ಟು ದಿನ ಕಣ್ಣೆದುರಿಗೇ ಇತ್ತು. ಅದು ನನಗೆ ಕಾಣಲಿಲ್ವಲ್ಲ."

ಕಂಡಿತ್ತು, ನನಗೆ ಗೊತ್ತು. ಇಲ್ಲದಿದ್ರೆ ದಿನಾ ಎಣ್ಣೆ ಯಾರು ಕಾಯಿಸ್ತಾರೆ? ಕಂಡಿದ್ದು ಎದುರಿಗಿದ್ರೂ ಕೈಯಲ್ಲಿರೋದನ್ನ ಬಿಡೋಕಾಗದೇ ಇದ್ದದ್ದು, ಅಷ್ಟೇ. ನಾನು ಅವರ ತಲೆ ಮೇಲೆ ಕೈ ಇಟ್ಟೆ. ಮುದುಕ ಅತ್ತ. ನಾನೂ ಅತ್ತೆ. ನರೇಂದ್ರ ಅವತ್ತು ಬೇಗ ಮಿಷನ್ ನಿಲ್ಲಿಸಿದ್ದ, ಬೀದಿಗೆಲ್ಲ ಕೇಳಿರಬೇಕು.

ರಿಜಿಸ್ಟ್ರೇಷನ್ ಆಯ್ತು. ನರೇಂದ್ರಂಗೆ ಹತ್ತಿರದಲ್ಲೇ ಒಂದು ಮಳಿಗೆ ಇವರೇ ಹುಡುಕಿಕೊಟ್ರು, ಕಮಿಷನ್ ತಗೊಳ್ಳಲಿಲ್ಲ. ಪ್ರಮೋದ್ ಒಳ್ಳೇ ಹುಡುಗ, ಕೆಡವೋಕೆ ಮುಂಚೆ ತೇಗದ ಬಾಗಿಲು ಬೇಕಾದ್ರೆ ತಗೊಂಡು ಹೋಗಿ ಅಂಕಲ್ ಅಂದ. ಇವರು ಹುಳಿಮಾವಿನ ಬಾಗಿಲಿನ ಅಳತೆ ತಗೊಂಡ್ರು, ಕೂರಲಿಲ್ಲ. ಬಿಡು, ಈ ಬಾಗಿಲೂ ಗಟ್ಟಿಯಾಗೇ ಇದೆ ಅಂತ ಹುಳಿಮಾವಿನ ಬಾಗಿಲು ತಟ್ಟಿ ನೋಡಿದ್ರು. ಅದು ಯಾವ ಮರ ಅಂತ ಇವತ್ತಿಗೂ ಗೊತ್ತಿಲ್ಲ.

ಈಗ ನಾವಿಲ್ಲಿ ಬಂದು ಒಂದು ಮಳೆಗಾಲ ಕಳೀತು. ಬೆಳಿಗ್ಗೆ ಸೊಪ್ಪಿನ ಗಾಡಿ ಬರುತ್ತೆ. ನಾನು ಗೇಟು ತೆಗೆದು ಹೋಗ್ತೀನಿ, ಕಂತೆ ಎತ್ತಿ ಅಡಿ ನೋಡ್ತೀನಿ, ಬೇರು ಮುರಿದು ಮೂಸಿ ನೋಡ್ತೀನಿ, ಚೌಕಾಸಿ ಮಾಡ್ತೀನಿ. ಈ ಗಾಡಿಯವನು ನನ್ನನ್ನ ಕಂಡ್ರೆ ಮೊದಲೇ ಒಳ್ಳೇದನ್ನ ಮುಂದಕ್ಕೆ ಇಡ್ತಾನೆ. ಸಾಯಂಕಾಲ ಕೆರೆ ಕಡೆ ನಿಧಾನಕ್ಕೆ ಹೋಗಿ ಬರ್ತೀನಿ. ಮಂಡಿ ನೋವು ಪೂರ್ತಿ ಹೋಗಿಲ್ಲ, ಆದರೆ ಅದು ನನ್ನ ಜೊತೆ ತಿರುಗಾಡ್ಕೊಂಡಿದೆ, ಮೊದಲಿನಂಗೆ ಮನೇಲಿ ಕೂಡಿ ಹಾಕಲ್ಲ.

ಮೊನ್ನೆ ನಾನು ಗಾಡಿ ಹತ್ತಿರ ಸಬ್ಬಸಿಗೆ ಸೊಪ್ಪು ಆರಿಸ್ತಿದ್ದೆ. ಯಾರೋ ಹೊಸ ಬ್ರೋಕರ್ ಹುಡುಗ ಬೈಕ್ ನಿಲ್ಲಿಸಿ, ಅಂಕಲ್, ಈ ಬೀದಿಯಲ್ಲಿ ನನ್ನ ಪಾರ್ಟಿ ಮನೆ ಹುಡುಕ್ತಿದ್ದಾರೆ, ಇದನ್ನ ಎಷ್ಟಕ್ಕಾದ್ರೆ ಕೊಡ್ತೀರಾ ಅಂತ ಇವರನ್ನ ಕೇಳಿದ. ಪಕ್ಕದ ಮನೆ ಎಂಬತ್ತೈದಕ್ಕೆ ಹೋಗಿದ್ದು ಹಿಂದಿನ ತಿಂಗಳಷ್ಟೇ, ಅದನ್ನ ಮಾರಿಸಿದ್ದೂ ಇವರೇ. ಇವರು ಜಗಲಿ ಕಂಬಕ್ಕೆ ಒರಗಿಕೊಂಡು, ಕರಿಬೇವಿನ ಗಿಡ ಒಂದು ಸಲ ನೋಡಿ, "ಒಂದು ಕೋಟಿ ಹತ್ತು ಲಕ್ಷ" ಅಂದ್ರು.

ಎರಡು ಲಕ್ಷದ ಮಾತು ಎತ್ತೋಕೆ ಇದೇ ಸಮಯ ಅಂತ ಸೊಪ್ಪು ಹಿಡ್ಕೊಂಡೇ ನಾನು ಬೈಯೋಕೆ ತಿರುಗಿದೆ. ಆದರೆ ಬಾಯಿಗೆ ಬೈಗುಳ ಬರಲಿಲ್ಲ. ಆ ಗೇಟು, ಆ ಜಗಲಿ, ನಾನು ಯಾರ ಕೈಯೂ ಹಿಡಿಯದೇ ಒಳಗೆ ಹೋದ ಬಾಗಿಲು. ಒಂದು ಕೋಟಿ ಹತ್ತು ಬಹಳ ಕಡಿಮೆಯಾಯ್ತು ಅನ್ನಿಸ್ತು ನನಗೆ.